ಒಂದು ತಾಸಿನ ಮೀಟಿಂಗು, ಆರು ಸಾಲಿನ ಪಟ್ಟಿ: ಮೂರು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು?

ವಾರದ ಮೀಟಿಂಗಿನ ಟ್ರಾನ್ಸ್‌ಕ್ರಿಪ್ಟ್ ಯಂತ್ರ ಬರೆದದ್ದಿರಲಿ, ಯಾರಾದರೂ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿದ್ದಿರಲಿ, ಒಂದು ತಾಸಿನ ಮಾತು ಇಪ್ಪತ್ತು ಪುಟದ ಆಸುಪಾಸು ಆಗುತ್ತದೆ. ಅದರಲ್ಲಿ ನಿಜವಾಗಿ ತೀರ್ಮಾನವಾದದ್ದು ಐದೋ ಎಂಟೋ ವಿಷಯ. ಅವನ್ನು ಹೆಕ್ಕಿ ತೆಗೆಯಲು ಹುಬ್ಬಳ್ಳಿ-ಧಾರವಾಡದ ಆಫೀಸುಗಳಲ್ಲಿ ಮೂರು ರೂಢಿಗಳಿವೆ. ಮೊದಲಿಂದ ಕೊನೆಯವರೆಗೆ ಓದುತ್ತ ಬರೆದುಕೊಳ್ಳುವುದು ಒಂದು. ಕೆಲವು ಪದ ಹಾಕಿ ಹುಡುಕುವುದು ಇನ್ನೊಂದು. ವಿಷಯವಾರು ಕತ್ತರಿಸಿ, ಪ್ರತಿ ವಿಷಯವನ್ನೂ ಕೊನೆಯಿಂದ ಮೇಲಕ್ಕೆ ಓದುವುದು ಮೂರನೆಯದು. ಮೂರಕ್ಕೂ ಅದರದರ ಜಾಗ ಇದೆ. ಆದರೆ ಮಾತು ಎಲ್ಲೆಲ್ಲೋ ಹರಿದಾಡಿದ ಮೀಟಿಂಗಿಗೆ ಮೂರನೆಯದೇ ಸರಿ. ಯಾಕೆ ಅನ್ನುವುದು ಒಂದು ಮಾದರಿ ಇಟ್ಟುಕೊಂಡು ನೋಡಿದರೆ ತಿಳಿಯುತ್ತದೆ.

ಗೋಕುಲ ರೋಡ್ ಕಡೆಯ, ಪಂಪ್‌ಸೆಟ್ ಬಿಡಿಭಾಗ ಕಳಿಸುವ ಒಂದು ಸಣ್ಣ ಆಫೀಸು ಅಂದುಕೊಳ್ಳಿ. ಸೋಮವಾರ, 6ನೇ ತಾರೀಖು, ಮುಂಜಾನೆಯ ಮೀಟಿಂಗು. ಬಸವರಾಜ ಯಜಮಾನರು, ಈರಣ್ಣ ಸ್ಟೋರ್, ಶೋಭಾ ಡೀಲರ್‌ಗಳ ಫೋನ್, ಮಂಜುನಾಥ ಲೆಕ್ಕ. ಹೆಸರುಗಳು ಮಾದರಿಗಷ್ಟೇ. ಸಾಲಿನ ಮುಂದಿನ ಅಂಕಿ ನಿಮಿಷ ಮತ್ತು ಸೆಕೆಂಡು.

12:40 ಶೋಭಾ: ಗದಗ ಡೀಲರ್ ಮತ್ತ ಫೋನ್ ಮಾಡಿದ್ರು. ನಲವತ್ತು ಸೀಲ್ ಸೆಟ್ ಇನ್ನೂ ಮುಟ್ಟಿಲ್ಲಂತ.
12:52 ಬಸವರಾಜ: ಇವತ್ತ ಟೆಂಪೋದಾಗ ಹಾಕಿ ಕಳಿಸಿಬಿಡೂಣು.
13:05 ಈರಣ್ಣ: ಹೂಂ, ಆತು.
13:20 ಮಂಜುನಾಥ: ಅವರ ಹಳೇ ಬಿಲ್ ಬಾಕಿ ಐತಲ್ರಿ.
13:31 ಬಸವರಾಜ: ಹೌದಲ್ಲ. ಹಂಗಾರ ಬಿಲ್ ನೋಡ್ಕೊಂಡ ಕಳಿಸಿದ್ರಾತು.

ಇಲ್ಲಿಂದ ಮಾತು ಟೆಂಪೋ ಬಾಡಿಗೆಗೆ ಹೋಗುತ್ತದೆ, ಅಲ್ಲಿಂದ ಡ್ರೈವರ್ ರಜೆಗೆ, ಅಲ್ಲಿಂದ ರಾಣೆಬೆನ್ನೂರಿನ ಸರ್ವಿಸ್ ಕ್ಯಾಂಪಿಗೆ. ನಡುವೆ ಚಹಾ ಬರುತ್ತದೆ, ಗಿರಮಿಟ್ ಬರುತ್ತದೆ, ಎರಡು ಪುಟ ಬರೀ ಅದೇ. ಇಪ್ಪತ್ತೆಂಟು ನಿಮಿಷದ ನಂತರ ಗದಗ ಮತ್ತೆ ತಲೆ ಎತ್ತುತ್ತದೆ.

41:10 ಶೋಭಾ: ಗದಗದವ್ರಿಗೆ ಏನ್ ಹೇಳ್ಲಿ ನಾ?
41:18 ಬಸವರಾಜ: ಅರ್ಧ ಕಳಿಸ್ರಿ, ಇಪ್ಪತ್ತು. ಉಳಿದದ್ದು ರೊಕ್ಕ ಬಂದ ಮ್ಯಾಲೆ.
41:26 ಈರಣ್ಣ: ಇಪ್ಪತ್ತು ನಾಳೆ ಹಾಕ್ತೇನ್ರಿ ಗಾಡಿಗೆ.
41:33 ಶೋಭಾ: ಹಂಗಂತ ಹೇಳ್ತೀನಿ.

ಮೊದಲ ದಾರಿ: ಸಾಲಾಗಿ ಓದುವುದು

ಇದರಲ್ಲಿ ಕಲಿಯುವುದೇನೂ ಇಲ್ಲ. ಪುಟ ತೆರೆದು ಓದುತ್ತ ಹೋಗುವುದು, ತೀರ್ಮಾನ ಅನಿಸಿದಲ್ಲಿ ಬರೆದುಕೊಳ್ಳುವುದು. ಇಪ್ಪತ್ತು ನಿಮಿಷದೊಳಗಿನ, ಒಂದೋ ಎರಡೋ ವಿಷಯದ ಮೀಟಿಂಗಿಗೆ ಇಷ್ಟೇ ಸಾಕು. ಬೇರೆ ದಾರಿಯ ಸಿದ್ಧತೆಗೇ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ತೊಂದರೆ ಶುರುವಾಗುವುದು ಉದ್ದದ ಮೀಟಿಂಗಿನಲ್ಲಿ. 12:52ಕ್ಕೆ ಓದುವವರ ಕೈ ಪೆನ್ನಿಗೆ ಹೋಗುತ್ತದೆ: "ಗದಗಕ್ಕೆ 40 ಸೆಟ್, ಇವತ್ತು, ಈರಣ್ಣ". 13:31ಕ್ಕೆ ಅದರ ಮುಂದೆ "ಬಿಲ್ ನೋಡಿಕೊಂಡು" ಅಂತ ಸೇರುತ್ತದೆ. 41ನೇ ನಿಮಿಷಕ್ಕೆ ಬರುವ ಹೊತ್ತಿಗೆ ಮೊದಲ ಸಾಲು ಎಂಟೊಂಬತ್ತು ಪುಟ ಹಿಂದೆ ಬಿದ್ದಿರುತ್ತದೆ, ಇದು ಹೊಸ ತೀರ್ಮಾನದಂತೆ ಕಾಣುತ್ತದೆ. ಹಾಗಾಗಿ ಪಟ್ಟಿಯಲ್ಲಿ ಗದಗ ಎರಡು ಸಲ ಬರುತ್ತದೆ, ಒಂದು ಕಡೆ 40, ಇನ್ನೊಂದು ಕಡೆ 20. ಸ್ಟೋರ್‌ನಲ್ಲಿ ಪಟ್ಟಿ ನೋಡಿದವರು ಎರಡನ್ನೂ ಕೂಡಿಸಿ 60 ಅಂದುಕೊಂಡರೂ ಆಶ್ಚರ್ಯವಿಲ್ಲ. ಸಾಲಾಗಿ ಓದಿ ಮಾಡಿದ ಪಟ್ಟಿ ಕೆಟ್ಟಿದೆಯೋ ಇಲ್ಲವೋ ತಿಳಿಯುವ ಸುಲಭದ ಗುರುತು ಇದೇ: ಒಂದೇ ಊರು, ಒಂದೇ ಗಿರಾಕಿ ಅಥವಾ ಒಂದೇ ವಸ್ತು ಎರಡು ಸಾಲಿನಲ್ಲಿ ಬಂದಿದೆಯೇ ನೋಡುವುದು. ಬಂದಿದ್ದರೆ ಮೇಲಿನ ಸಾಲನ್ನು ಕೆಳಗಿನದು ರದ್ದು ಮಾಡಿರುವ ಸಾಧ್ಯತೆಯೇ ಹೆಚ್ಚು.

ಎರಡನೇ ದಾರಿ: ಪದ ಹುಡುಕುವುದು

ಇದು ಬಹಳ ಬೇಗ ಆಗುವ ಕೆಲಸ. ಕನ್ನಡದಲ್ಲಿ ಇದಕ್ಕೊಂದು ಅನುಕೂಲವೂ ಇದೆ. ಯಾರು ಮಾಡುತ್ತಾರೆ ಅನ್ನುವುದು ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ. "ಹಾಕ್ತೇನ್ರಿ", "ಹೇಳ್ತೀನಿ" ಅಂದರೆ ಮಾತಾಡಿದವರೇ ಹೊಣೆ. "ನಾನು" ಅಂತ ಬಾಯಿಬಿಟ್ಟು ಹೇಳದಿದ್ದರೂ ಸರಿ. "ಹಾಕ್ತೀವಿ" ಅಂದರೆ ಯಾರ ಹೊಣೆಯೂ ಅಲ್ಲ. "ಕಳಿಸಿದ್ರಾತು", "ಮಾಡಬೇಕದು", "ನೋಡೂಣು" ಅಂದರೆ ಇನ್ನೂ ತೀರ್ಮಾನವೇ ಆಗಿಲ್ಲ. ಆದ್ದರಿಂದ "ನಾನು", "ಜವಾಬ್ದಾರಿ", "ತೀರ್ಮಾನ" ಅಂತ ಹುಡುಕುವುದಕ್ಕಿಂತ ಈ ಕೊನೆಗಳನ್ನು ಹುಡುಕುವುದು ಲೇಸು. ಮೀಟಿಂಗಿನಲ್ಲಿ "ತೀರ್ಮಾನ" ಅನ್ನುವ ಪದವನ್ನು ಯಾರೂ ಆಡುವುದಿಲ್ಲ.

ವರ್ಡ್ ಅಥವಾ ಗೂಗಲ್ ಡಾಕ್ಸ್‌ನಲ್ಲಿದ್ದರೆ ಒಂದೊಂದನ್ನೇ ಹಾಕಿ ಹುಡುಕಬಹುದು. ಲಿನಕ್ಸ್ ಅಥವಾ ಮ್ಯಾಕ್ ಇದ್ದವರಿಗೆ ಟರ್ಮಿನಲ್‌ನಲ್ಲಿ ಒಂದೇ ಸಾಲು ಸಾಕು:

```
grep -n -B1 -E "ತೀನ|ತೇನ|ದ್ರಾತು|ಆತು|ಆಯ್ತು|ಬ್ಯಾಡ|ಬೇಡ" meeting.vtt
```

`-n` ಸಾಲಿನ ಸಂಖ್ಯೆ ಕೊಡುತ್ತದೆ. `-B1` ಹಿಂದಿನ ಒಂದು ಸಾಲನ್ನೂ ತೋರಿಸುತ್ತದೆ. `.vtt` ಅನ್ನುವ ಟ್ರಾನ್ಸ್‌ಕ್ರಿಪ್ಟ್ ಫೈಲಿನಲ್ಲಿ ಸಮಯ ಮಾತಿನ ಮೇಲಿನ ಸಾಲಿನಲ್ಲಿರುವುದರಿಂದ ಅದು ಬೇಕು. ಪೂರ್ತಿ "ಮಾಡ್ತೀನಿ" ಅಂತ ಹಾಕದೆ "ತೀನ", "ತೇನ" ಅಂತ ತುಂಡು ಹಾಕಿದ್ದಕ್ಕೆ ಕಾರಣ ಇದೆ. ಧಾರವಾಡ ಕಡೆಯ ಮಾತನ್ನು ಒಬ್ಬರು ಮಾಡ್ತೀನಿ ಅಂತ, ಇನ್ನೊಬ್ಬರು ಮಾಡ್ತೇನಿ ಅಂತ, ಮತ್ತೊಬ್ಬರು ಮಾಡ್ತೇನ್ರಿ ಅಂತ ಬರೆದಿರುತ್ತಾರೆ. ತುಂಡು ಹಾಕಿದರೆ ಮೂರೂ ಸಿಗುತ್ತವೆ. "ದ್ರಾತು" ಬದಲು ಬರೀ "ಾತು" ಹಾಕಬೇಡಿ. "ಮಾತು" ಇರುವ ಸಾಲೆಲ್ಲ ಬಂದು ಬೀಳುತ್ತವೆ, ಮೀಟಿಂಗಿನಲ್ಲಿ ಅವಕ್ಕೇನು ಬರವೇ?

ಇನ್ನು ಮಾದರಿಗೆ ಬಂದರೆ ಈ ದಾರಿಯ ದೋಷ ಎದ್ದು ಕಾಣುತ್ತದೆ. ಹುಡುಕಾಟ 13:05ರ "ಹೂಂ, ಆತು" ತಂದುಕೊಡುತ್ತದೆ. ಅದರ ಮೇಲಿನ ಮಾತು ನೋಡಿದರೆ ಇವತ್ತು 40 ಕಳಿಸಲು ಒಪ್ಪಿದಂತೆ ಇದೆ. 41:26ರ "ಹಾಕ್ತೇನ್ರಿ"ಯನ್ನೂ ತರುತ್ತದೆ. ಎರಡೂ ಒಂದೇ ತೂಕದ ಸಾಲುಗಳಾಗಿ ಪರದೆಯ ಮೇಲೆ ನಿಲ್ಲುತ್ತವೆ. ಎರಡನೆಯದು ಮೊದಲನೆಯದನ್ನು ಬದಲಿಸಿದೆ ಅನ್ನುವುದನ್ನು ಹುಡುಕಾಟ ಹೇಳಲಾರದು. ಎಲ್ಲಕ್ಕಿಂತ ಮುಖ್ಯವಾದ 41:18ರ ಸಾಲು, "ಅರ್ಧ ಕಳಿಸ್ರಿ" ಅನ್ನುವುದು, ಸಿಗುವುದೇ ಇಲ್ಲ. ಅದರಲ್ಲಿ ನಾವು ಹಾಕಿದ ಯಾವ ತುಂಡೂ ಇಲ್ಲ. "ಳಿಸ್ರಿ", "ಡ್ರಿ" ಅಂತ ಆಜ್ಞೆಯ ರೂಪಗಳನ್ನೂ ಸೇರಿಸುತ್ತ ಹೋದರೆ ಅರ್ಧ ಟ್ರಾನ್ಸ್‌ಕ್ರಿಪ್ಟೇ ಬಂದುಬಿಡುತ್ತದೆ. "ನೋಡ್ರಿ" ಅನ್ನದೆ ಇಲ್ಲಿ ಯಾರೂ ವಾಕ್ಯ ಶುರು ಮಾಡುವುದಿಲ್ಲವಲ್ಲ.

ಹಾಗಾದರೆ ಹುಡುಕಾಟ ಯಾವುದಕ್ಕೆ? ಹಳೆಯ ಕಡತಕ್ಕೆ. ಕಳೆದ ಎರಡು ತಿಂಗಳ ಎಂಟು ಟ್ರಾನ್ಸ್‌ಕ್ರಿಪ್ಟ್ ಇಟ್ಟುಕೊಂಡು "ಗದಗ ಡೀಲರ್‌ಗೆ ಅರ್ಧ ಮಾಲು ಅಂತ ಯಾವತ್ತು ಆಯಿತು" ಅಂತ ಕೇಳಿದರೆ ಇದರಷ್ಟು ಬೇಗ ಬೇರೆ ಯಾವುದೂ ಹೇಳದು. ಇನ್ನೊಂದು ಉಪಯೋಗ, ಪಟ್ಟಿ ತಯಾರಾದ ಮೇಲೆ ಬಿಟ್ಟುಹೋದದ್ದು ಇದೆಯೇ ಅಂತ ಜರಡಿ ಹಿಡಿಯುವುದು. "ತೀನ", "ತೇನ" ಬಂದ ಪ್ರತಿ ಸಾಲಿಗೂ ಪಟ್ಟಿಯಲ್ಲಿ ಜಾಗ ಇರಬೇಕು, ಇಲ್ಲವೇ ಅದು ಯಾಕೆ ಬೇಡ ಅನ್ನುವುದು ನಿಮಗೆ ಗೊತ್ತಿರಬೇಕು.

ಮೂರನೇ ದಾರಿ: ಕತ್ತರಿಸಿ, ತಲೆಕೆಳಗಾಗಿ ಓದುವುದು

ಇದರ ಆಧಾರ ಸರಳ. ಒಂದು ವಿಷಯದ ಮೇಲೆ ಕೊನೆಗೆ ನಿಂತ ಮಾತೇ ತೀರ್ಮಾನ, ಅದಕ್ಕೂ ಮೊದಲಿನದೆಲ್ಲ ಅಲ್ಲಿಗೆ ಬಂದ ದಾರಿ. ಆದರೆ ಮಾತು ಚದುರಿರುವುದರಿಂದ ಟ್ರಾನ್ಸ್‌ಕ್ರಿಪ್ಟಿನ ಕೊನೆಗೂ ವಿಷಯದ ಕೊನೆಗೂ ಸಂಬಂಧವಿಲ್ಲ. ಅದಕ್ಕೇ ಮೊದಲು ಕತ್ತರಿಸಬೇಕು.

ಫೈಲಿನ ಒಂದು ಪ್ರತಿ ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ಪ್ರತಿಯನ್ನು ಬೇಗ ಬೇಗ ಸರಿಸುತ್ತ, ವಿಷಯ ಬದಲಾದ ಕಡೆಯೆಲ್ಲ ಒಂದು ಖಾಲಿ ಸಾಲು ಹಾಕಿ, ಮೇಲೆ ವಿಷಯದ ಹೆಸರು ಬರೆಯಿರಿ: ಗದಗ, ಟೆಂಪೋ, ಕ್ಯಾಂಪ್. ಈ ಹಂತದಲ್ಲಿ ಅರ್ಥ ಹುಡುಕುವುದು ಬೇಡ. ತಿರುವುಗಳನ್ನು ಗುರುತಿಸುವುದು ಕಷ್ಟವಲ್ಲ, ಜನ ತಾವೇ ಹೇಳಿರುತ್ತಾರೆ: "ಅದಿರ್ಲಿ", "ಇನ್ನೊಂದ ಏನಂದ್ರ", "ಮತ್ತ ಆ ಕ್ಯಾಂಪಿಂದು ಏನಾತು". ಮೀಟಿಂಗಿನ ಮೊದಲು ಕಳಿಸಿದ ಅಜೆಂಡಾವನ್ನು ಮಾತ್ರ ನಂಬಿ ಕೂರಬೇಡಿ. ಅದರಲ್ಲಿ ಇಲ್ಲದ ವಿಷಯದ ಮೇಲೆಯೇ ಎಷ್ಟೋ ಸಲ ದೊಡ್ಡ ತೀರ್ಮಾನ ಆಗಿರುತ್ತದೆ.

ಆಮೇಲೆ ಒಂದೇ ಹೆಸರಿನ ತುಂಡುಗಳನ್ನು ಒಟ್ಟು ಸೇರಿಸಿ. ಸಮಯದ ಅಂಕಿ ಪ್ರತಿ ಸಾಲಿನೊಂದಿಗೇ ಇರಬೇಕು, ಅದು ಕಳೆದರೆ ಎಲ್ಲಾ ಕಳೆದಂತೆ. ಈಗ ಗದಗದ ಗುಡ್ಡೆಯಲ್ಲಿ ಮೇಲಿನ ಒಂಬತ್ತು ಸಾಲು ಮಾತ್ರ ಇವೆ. ಒಂದು ತಾಸಿನ ಮೀಟಿಂಗಿಗೆ ಕತ್ತರಿಸಿ ಜೋಡಿಸಲು ಸುಮಾರು ಅರ್ಧ ತಾಸು ಬೇಕು. ಕೈ ಪಳಗಿದ ಮೇಲೆ ಕಡಿಮೆ.

ಈಗ ಗುಡ್ಡೆಯನ್ನು ಕೆಳಗಿನಿಂದ ಓದಿ. 41:33: ಶೋಭಾ ಡೀಲರ್‌ಗೆ ಹೇಳುತ್ತಾರೆ. 41:26: ಈರಣ್ಣ ಇಪ್ಪತ್ತು ನಾಳೆ ಹಾಕುತ್ತಾರೆ. 41:18: ಯಜಮಾನರು ಅರ್ಧ ಅಂದರು, ಉಳಿದದ್ದಕ್ಕೆ ಷರತ್ತು ಹಾಕಿದರು. ತೀರ್ಮಾನ ಸಿಕ್ಕಿತು. ಆದರೆ ಇಲ್ಲೇ ನಿಲ್ಲಬಾರದು. ಸಿಕ್ಕ ತೀರ್ಮಾನದಲ್ಲಿ "ಆದ ಮ್ಯಾಲೆ", "ಬಂದ ಮ್ಯಾಲೆ" ಅಂತ ಷರತ್ತು ಇದ್ದರೆ, ಅದು ಯಾವುದರ ಬಗ್ಗೆ ಅಂತ ತಿಳಿಯುವವರೆಗೆ ಮೇಲೆ ಹೋಗಬೇಕು. 13:20ರಲ್ಲಿ ಸಿಗುತ್ತದೆ: ಹಳೇ ಬಿಲ್ಲಿನ ರೊಕ್ಕ. ಅದಕ್ಕಿಂತ ಮೇಲಿನ "ಇವತ್ತ ಟೆಂಪೋದಾಗ" ಬಿದ್ದುಹೋದ ಮಾತು, ಪಟ್ಟಿಗೆ ಬೇಡ.

ಹೀಗೆ ಓದಿದಾಗ ಮೊದಲ ಎರಡು ದಾರಿಗಳಲ್ಲಿ ಕಾಣದ ಒಂದು ಕಾಣುತ್ತದೆ. ಆ ಹಳೇ ಬಿಲ್ಲಿನ ರೊಕ್ಕ ವಸೂಲಿ ಮಾಡುವವರು ಯಾರು? ಬಾಕಿ ಇದೆ ಅಂದವರು ಮಂಜುನಾಥ. ಕೇಳುತ್ತೇನೆ ಅಂತ ಯಾರೂ ಅಂದಿಲ್ಲ. ಉಳಿದ ಇಪ್ಪತ್ತು ಸೆಟ್ ಆ ರೊಕ್ಕದ ಮೇಲೆ ನಿಂತಿದೆ, ರೊಕ್ಕಕ್ಕೆ ಮಾತ್ರ ಹೊಣೆ ಇಲ್ಲ. ಲೆಕ್ಕ ನೋಡುವವರು ಮಂಜುನಾಥ ಆದ್ದರಿಂದ ಅವರ ಹೆಸರು ಹಾಕಿಬಿಡುವುದು ಬಲು ಸುಲಭ. ಹಾಕಬೇಡಿ. ವಿಷಯ ಎತ್ತಿದವರ ತಲೆಗೆ ಕೆಲಸ ಕಟ್ಟುವ ಪಟ್ಟಿ ನಾಲ್ಕು ವಾರ ಬಂದರೆ, ಐದನೇ ವಾರ ಯಾರೂ ವಿಷಯ ಎತ್ತುವುದಿಲ್ಲ. ಅದನ್ನು "ಕೇಳಬೇಕಾದ್ದು" ಅಂತ ಬೇರೆ ಇಡಿ.

ಹೊಣೆ ತಪ್ಪಿ ಬೀಳುವ ಜಾಗಗಳು

ಮೂರು ದಾರಿಯಲ್ಲಿ ಯಾವುದನ್ನು ಹಿಡಿದರೂ ತೀರ್ಮಾನಕ್ಕಿಂತ ಹೊಣೆಯಲ್ಲೇ ತಪ್ಪು ಹೆಚ್ಚು. ಕ್ಯಾಂಪಿನ ಗುಡ್ಡೆಯನ್ನು ನೋಡಿ.

22:05 ಬಸವರಾಜ: ರಾಣೆಬೆನ್ನೂರು ಕ್ಯಾಂಪಿಂದು ನೀವ ನೋಡ್ಕೋರಿ.
22:09 ಈರಣ್ಣ: ಬ್ಯಾನರ್ ಹಳೇದ ಐತ್ರಿ.
22:15 ಬಸವರಾಜ: ಹೊಸಾದು ಮಾಡಿಸ್ರಿ.

"ನೀವ" ಅಂದದ್ದು ಯಾರಿಗೆ? ಮರ್ಯಾದೆಗೆ ಒಬ್ಬರನ್ನೇ ನೀವು ಅಂದಿರಬಹುದು, ಎದುರಿಗೆ ಕೂತ ಇಬ್ಬರನ್ನೂ ಅಂದಿರಬಹುದು. ಬರಹದಲ್ಲಿ ಗೊತ್ತಾಗುವುದಿಲ್ಲ, ಯಾಕೆಂದರೆ ಯಜಮಾನರು ಯಾರ ಕಡೆ ನೋಡಿ ಹೇಳಿದರು ಅನ್ನುವುದು ಬರಹದಲ್ಲಿ ಇಲ್ಲ. ಈರಣ್ಣ ಉತ್ತರ ಕೊಟ್ಟಿದ್ದಾರೆ, ಆದರೆ ಬ್ಯಾನರ್ ಸ್ಟೋರ್‌ನಲ್ಲಿ ಇರುವುದರಿಂದ ಅವರು ಆ ಮಾಹಿತಿ ಕೊಟ್ಟಿರಬಹುದು, ಅಷ್ಟೇ. "ನೀವ", "ನೀವ ನೋಡ್ರಿ", "ನಿಮ್ಮ ಕಡೆಯಿಂದ ಆಗ್ಲಿ" ಬಂದ ಕಡೆಯೆಲ್ಲ ರೆಕಾರ್ಡಿಂಗ್ ತೆರೆದು ಆ ಸಮಯದ ಹಿಂದೆ ಮುಂದೆ ಹತ್ತು ಸೆಕೆಂಡು ಕೇಳಿ. ಮೆತ್ತಗೆ ಒಂದು ಹೆಸರು ಕರೆದಿರುತ್ತಾರೆ, ಇಲ್ಲವೇ ಯಾರೋ "ಹೂಂ" ಅಂದಿರುತ್ತಾರೆ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಎರಡೂ ಬಿಟ್ಟುಹೋಗುವುದುಂಟು. ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಎರಡರಲ್ಲೂ ತಿಳಿಯದಿದ್ದರೆ ಇದೂ "ಕೇಳಬೇಕಾದ್ದು".

ಎರಡನೇ ಜಾಗ, ಮಾತಾಡಿದವರ ಹೆಸರು. ಆರು ಜನ ಒಂದೇ ಕೋಣೆಯಲ್ಲಿ ಒಂದೇ ಲ್ಯಾಪ್‌ಟಾಪ್ ಸುತ್ತ ಕೂತು ಜೂಮ್‌ನಲ್ಲೋ ಟೀಮ್ಸ್‌ನಲ್ಲೋ ಸೇರಿದ್ದರೆ, ಆರೂ ಜನರ ಮಾತು ಲ್ಯಾಪ್‌ಟಾಪ್ ಯಾರದೋ ಅವರ ಹೆಸರಿಗೇ ಬೀಳಬಹುದು. ಆಗ "ಹಾಕ್ತೇನ್ರಿ" ಸಿಕ್ಕರೂ ಹಾಕುವವರು ಯಾರು ಅಂತ ತಿಳಿಯದು. ಒಬ್ಬರೇ ಪ್ರಶ್ನೆ ಕೇಳಿ ಒಬ್ಬರೇ ಉತ್ತರ ಕೊಟ್ಟಂತೆ ಕಂಡರೆ ಇದೇ ಆಗಿದೆ ಅಂತ ತಿಳಿಯಿರಿ. ಅಂಥ ಟ್ರಾನ್ಸ್‌ಕ್ರಿಪ್ಟಿನಿಂದ ತೀರ್ಮಾನ ತೆಗೆಯಬಹುದು, ಹೊಣೆ ಮಾತ್ರ ದನಿ ಕೇಳಿಯೇ ಹಾಕಬೇಕು. ಇಬ್ಬರು ಮಂಜುನಾಥ ಇರುವ ಆಫೀಸಿನಲ್ಲಿ "ಮಂಜು" ಅಂತ ಬಂದರೂ ಇದೇ ಪಾಡು. ಪಟ್ಟಿಯಲ್ಲಿ ಯಾವಾಗಲೂ ಇನಿಷಿಯಲ್ ಅಥವಾ ಅಡ್ಡಹೆಸರು ಸೇರಿಸಿ ಬರೆಯಿರಿ.

ಮೂರನೆಯದು ಅಂಕಿ ಮತ್ತು ಬೇಡಗಳು. "ಕಳಿಸಬ್ಯಾಡ್ರಿ" ಅನ್ನುವುದು ಸದ್ದಿನಲ್ಲಿ ಮುರಿದು "ಕಳಿಸ್ರಿ" ಆದರೆ ಅರ್ಥ ಪೂರಾ ತಿರುಗುತ್ತದೆ, ಓದುವವರಿಗೆ ಗುಮಾನಿಯೂ ಬರುವುದಿಲ್ಲ. ಆದ್ದರಿಂದ ಪಟ್ಟಿಗೆ ಸೇರುವ ಪ್ರತಿ ಅಂಕಿ, ಪ್ರತಿ ಆಜ್ಞೆಯನ್ನು ಒಂದು ಸಲ ಕಿವಿಯಿಂದ ಕೇಳಿ. ಆರು ಸಾಲಿಗೆ ಐದು ನಿಮಿಷ ಸಾಕು. ಇಡೀ ರೆಕಾರ್ಡಿಂಗ್ ಕೇಳಬೇಕಿಲ್ಲ, ಸಮಯದ ಅಂಕಿ ಉಳಿಸಿಕೊಂಡದ್ದು ಇದಕ್ಕೇ.

ದಿನಗಳ ವಿಷಯ ಚಿಕ್ಕದು. "ನಾಳೆ", "ಬರೋ ವಾರ", "ಅಮಾಸಿ ಆದ ಮ್ಯಾಲೆ" ಇವನ್ನೆಲ್ಲ ಕ್ಯಾಲೆಂಡರ್ ನೋಡಿ ತಾರೀಖು ಮಾಡಿ. ಪಟ್ಟಿಯನ್ನು ಬುಧವಾರ ಓದಿದವರಿಗೆ ಸೋಮವಾರದ "ನಾಳೆ" ಗುರುವಾರವಾಗುತ್ತದೆ.

ಪಟ್ಟಿ ಹೀಗೆ ಕಾಣಬೇಕು

ಈ ಎರಡು ಗುಡ್ಡೆಗಳಿಂದ ಹೊರಬಂದದ್ದು ಇಷ್ಟು:

ಗದಗ ಡೀಲರ್‌ಗೆ 20 ಸೀಲ್ ಸೆಟ್ ಗಾಡಿಗೆ ಹಾಕುವುದು: ಈರಣ್ಣ, ಮಂಗಳವಾರ 7 (41:26)
ಉಳಿದ 20 ಹಳೇ ಬಿಲ್ಲಿನ ರೊಕ್ಕ ಬಂದ ಮೇಲೆ. ಡೀಲರ್‌ಗೆ ಹೀಗೆ ತಿಳಿಸುವುದು: ಶೋಭಾ, ದಿನ ಹೇಳಿಲ್ಲ (41:33)
ರಾಣೆಬೆನ್ನೂರು ಕ್ಯಾಂಪಿಗೆ ಹೊಸ ಬ್ಯಾನರ್ ಮಾಡಿಸುವುದು: ಹೊಣೆ ಗೊತ್ತಾಗಿಲ್ಲ (22:15)

ಕೇಳಬೇಕಾದ್ದು: ಗದಗದ ಹಳೇ ಬಿಲ್ ವಸೂಲಿ ಯಾರು? ಕ್ಯಾಂಪ್ ಮತ್ತು ಬ್ಯಾನರ್ ಯಾರು? ಶೋಭಾ ಯಾವತ್ತು ತಿಳಿಸುತ್ತಾರೆ?

ಒಂದು ಸಾಲಿಗೆ ಒಂದೇ ಹೆಸರು. "ಈರಣ್ಣ ಮತ್ತು ಶೋಭಾ" ಅಂತ ಬರೆಯಬೇಕಾಗಿ ಬಂದರೆ ಅದು ಎರಡು ಕೆಲಸ, ಮೇಲೆ ಒಡೆದಂತೆ ಒಡೆಯಿರಿ. "ಸ್ಟೋರ್‌ನವರು" ಅಂತ ವಿಭಾಗದ ಹೆಸರು ಹಾಕಿದರೆ ಹೊಣೆ ಹಾಕಿದಂತೆ ಅಲ್ಲ. ತೀರ್ಮಾನ ಹೇಳಿದ ಯಜಮಾನರ ಹೆಸರನ್ನು ಹೊಣೆಯ ಜಾಗದಲ್ಲಿ ಹಾಕುವುದೂ ತಪ್ಪು. ಅವರು ಹೇಳಿದರು, ಮಾಡುವವರು ಬೇರೆ. ಪಟ್ಟಿ ಹತ್ತು ಸಾಲು ದಾಟಿದರೆ ತೀರ್ಮಾನಗಳ ನಡುವೆ ಬರೀ ಸುದ್ದಿ ಸೇರಿಕೊಂಡಿದೆ ಅಂತಲೇ ನಮ್ಮ ಎಣಿಕೆ. "ಡ್ರೈವರ್ ಶುಕ್ರವಾರ ರಜೆ" ಸುದ್ದಿ. ಆ ದಿನ ಬೇರೆ ಗಾಡಿ ಹಿಡಿಯಬೇಕು ಅಂತ ಆಗಿದ್ದರೆ ತೀರ್ಮಾನ.

"ಕೇಳಬೇಕಾದ್ದು" ಭಾಗವನ್ನು ಗ್ರೂಪಿಗೆ ಹಾಕುವ ಮೊದಲು ಯಜಮಾನರಿಗೆ ಫೋನ್ ಮಾಡಿ ಮುಗಿಸಿ: "ಸರ್, ಗದಗ ಬಿಲ್ಲಿಂದು ಯಾರಿಗೆ ಹಚ್ಚೂಣ್ರಿ?" ಎಂಬ ಒಂದು ಮಾತು ಸಾಕು. ಗ್ರೂಪಿನಲ್ಲೇ ಕೇಳಿದರೆ ಉತ್ತರ ಬರುವುದು ತಡ, ಅಥವಾ ಬರುವುದು ಹೆಬ್ಬೆರಳಿನ ಗುರುತು. ಪಟ್ಟಿಯನ್ನು ಅದೇ ದಿನ ಸಂಜೆಯೊಳಗೆ ವಾಟ್ಸಾಪ್ ಗ್ರೂಪಿಗೆ ಹಾಕಿ, "ತಪ್ಪಿದ್ದರೆ ನಾಳೆ, 7ನೇ ತಾರೀಖು, ಮುಂಜಾನೆ 11ರೊಳಗ ಹೇಳ್ರಿ" ಅಂತ ಸೇರಿಸಿ. ಉದ್ದದ ಸಂದೇಶವನ್ನು ವಾಟ್ಸಾಪ್ ಅರ್ಧಕ್ಕೆ ಮಡಚುತ್ತದೆ, ಮಡಚಿದ್ದನ್ನು ಬಿಚ್ಚಿ ಓದುವವರು ಕಡಿಮೆ. ಅದಕ್ಕೇ ಹೊಣೆ ಇರುವ ಸಾಲುಗಳು ಮೊದಲು, ವಿವರಣೆ ಬೇಡವೇ ಬೇಡ.

ಯಾವುದನ್ನು ಆರಿಸುವುದು

ಮೀಟಿಂಗು ಚಿಕ್ಕದು, ವಿಷಯ ಎರಡು: ಸಾಲಾಗಿ ಓದಿ. ಹಳೆಯದರಲ್ಲಿ ಒಂದು ಮಾತು ಹುಡುಕಬೇಕು: ಪದ ಹಾಕಿ. ತಾಸುಗಟ್ಟಲೆ ಮಾತು, ವಿಷಯ ಹಿಂದೆ ಮುಂದೆ ಜಿಗಿದಿದೆ: ಕತ್ತರಿಸಿ, ಕೆಳಗಿನಿಂದ ಓದಿ, ಕೊನೆಗೊಮ್ಮೆ ಪದ ಹಾಕಿ ಜರಡಿ ಹಿಡಿಯಿರಿ. ಕತ್ತರಿಸುವ ದಾರಿ ಕೈಕೊಡುವ ಸಂದರ್ಭವೂ ಒಂದಿದೆ. ಒಂದೇ ವಿಷಯದ ಮೇಲೆ ಇಡೀ ತಾಸು ಜಗಳವಾಡಿ, ಕೊನೆಗೆ "ಹೊರಗ ಕುಂತ ಮಾತಾಡೂಣು" ಅಂತ ಎದ್ದ ಮೀಟಿಂಗಿನಲ್ಲಿ ಕೆಳಗಿನಿಂದ ಓದಿದರೆ ಏನೂ ಸಿಗುವುದಿಲ್ಲ. ಸಿಗಬಾರದು ಕೂಡ. ಅಲ್ಲಿ ಪಟ್ಟಿಯ ಸಾಲು "ತೀರ್ಮಾನ ಆಗಿಲ್ಲ" ಅಂತಲೇ ಇರಲಿ, ಮೇಲಿಂದ ಯಾವುದಾದರೂ ಒಳ್ಳೆಯ ಮಾತು ಹೆಕ್ಕಿ ತುಂಬಬೇಡಿ.

ಮುಂದಿನ ವಾರದ ಕೆಲಸ ಹಗುರಾಗಬೇಕಾದರೆ, ಮೀಟಿಂಗಿನಲ್ಲಿ ಒಬ್ಬರು ಪ್ರತಿ ವಿಷಯ ಮುಗಿಯುವಾಗ "ಯಾರ ಮಾಡ್ತಾರ, ಯಾವತ್ತ?" ಅಂತ ಜೋರಾಗಿ ಕೇಳಲಿ, ಉತ್ತರ ಹೆಸರು ಹಿಡಿದು ಬರಲಿ. ಆ ಪ್ರಶ್ನೆಯನ್ನು ಪ್ರತಿ ಸಲ ಅದೇ ಪದಗಳಲ್ಲಿ ಕೇಳಿದರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ "ಯಾವತ್ತ" ಅಂತ ಹುಡುಕಿದಾಗ ಪ್ರತಿ ತೀರ್ಮಾನದ ಪಕ್ಕದಲ್ಲೇ ಹೋಗಿ ನಿಲ್ಲಬಹುದು, ಕತ್ತರಿಸುವ ಅರ್ಧ ತಾಸು ಉಳಿಯುತ್ತದೆ.